ಅಸೆಂಬ್ಲಿಗೆ ಮುಂಚೆ ಕೈಕೊಟ್ಟ ಮೈಕು, ಅರ್ಧ ನಿಂಬೆಹಣ್ಣು

ಜೂನ್ 5 ವಿಶ್ವ ಪರಿಸರ ದಿನ. ನಮ್ಮ ಶಾಲೆಯಲ್ಲಿ ಹೊಸ ವರ್ಷದ ಮೊದಲ ದೊಡ್ಡ ಅಸೆಂಬ್ಲಿ ಅವತ್ತೇ. ಮೇ ಕೊನೆಗೆ ಶಾಲೆ ತೆರೆದಿರುತ್ತದೆ, ಆದರೆ ಆ ಮೊದಲ ದಿನಗಳಲ್ಲಿ ಮೈಕ್ ಹಿಡಿಯುವ ಕೆಲಸ ಜಾಸ್ತಿ ಇರುವುದಿಲ್ಲ. ಈ ಸಲವಂತೂ ಸಂಜೆ ಸಂಜೆ ಮಳೆ ಬಂದು ಮೈದಾನ ಕೆಸರಾಗಿತ್ತು. ಪ್ರಾರ್ಥನೆ ಆಯಾ ಕ್ಲಾಸ್‌ರೂಮಿನಲ್ಲೇ ಮುಗಿಯುತ್ತಿತ್ತು. ಹಾಗಾಗಿ ಏಪ್ರಿಲ್‌ನಲ್ಲಿ ಬೀರುವಿಗೆ ಹೋದ ಕಾರ್ಡ್‌ಲೆಸ್ ಮೈಕ್ ಹೊರಗೆ ಬಂದಿದ್ದು ಅವತ್ತು ಬೆಳಿಗ್ಗೆಯೇ.

ಏಳನೇ ಕ್ಲಾಸಿನ ಮಕ್ಕಳು ಒಂದು ಸಣ್ಣ ನಾಟಕ ತಯಾರು ಮಾಡಿದ್ದರು. ವೇದಿಕೆಯ ಮೇಲೆ ನಿಂತು ಆಡುವ ನಾಟಕ ಅಲ್ಲ. ಸಾಲುಗಳ ನಡುವೆ ಓಡಾಡಿಕೊಂಡು, ನಿಂತಿರುವ ಮಕ್ಕಳನ್ನೇ ಮರಗಳೆಂದು ಎಣಿಸುತ್ತಾ, ಮೈಕನ್ನು ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸುತ್ತಾ ಆಡುವಂಥದ್ದು. ವೈರ್ ಇರುವ ಮೈಕಿನಲ್ಲಿ ಅದು ಆಗುವುದಿಲ್ಲ. ಕೂಗಿ ಹೇಳಿಸೋಣ ಎಂದರೆ ನಮ್ಮ ಕಾಂಪೌಂಡಿನ ಆಚೆ ಬಸ್ ರೂಟ್ ಇದೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಅಲ್ಲಿ ಹಾರ್ನ್ ನಿಲ್ಲುವುದೇ ಇಲ್ಲ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಶಬ್ದ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಹನ್ನೆರಡು ವರ್ಷದ ಹುಡುಗಿಯ ಗಂಟಲು ಹಿಂದಿನ ಸಾಲಿಗೆ ಮುಟ್ಟುವಷ್ಟರಲ್ಲಿ ಬಸ್ಸಿನ ಸದ್ದಿನಲ್ಲಿ ಕರಗಿ ಹೋಗಿರುತ್ತದೆ.

ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ನಾನು ಮೈಕ್ ಆನ್ ಮಾಡಿದೆ. ಏನೂ ಇಲ್ಲ. ಹಿಡಿಯ ಕೆಳಭಾಗ ತಿರುಗಿಸಿ ತೆಗೆದು, ಒಳಗಿದ್ದ ಎರಡು ಪೆನ್ಸಿಲ್ ಸೆಲ್ ಕೆಡವಿ, ಪ್ಯಾಕೆಟ್ ಒಡೆದು ಹೊಸ ಎರಡು ಹಾಕಿದೆ. ಈಗ ಸಣ್ಣ ಹಸಿರು ದೀಪ ಒಂದು ಕ್ಷಣ ಹೊತ್ತಿತು, ಆರಿತು. ಮತ್ತೆ ಒತ್ತಿದೆ, ಮತ್ತೆ ಹೊತ್ತಿತು, ಮತ್ತೆ ಆರಿತು. ಪ್ರತಿ ಸಲವೂ ಒಂದೇ ಆಟ. ಹೊಸ ಸೆಲ್ಲುಗಳೇ ಹಳೆಯವಾ ಎಂದು ವಿಜ್ಞಾನದ ಲ್ಯಾಬಿನಿಂದ ಮಲ್ಟಿಮೀಟರ್ ತರಿಸಿ ಹಿಡಿದು ನೋಡಿದೆ. ಒಂದೊಂದೂ 1.6 ವೋಲ್ಟ್ ತೋರಿಸಿತು. ಹೊಸ ಆಲ್ಕಲೈನ್ ಸೆಲ್ ಎಷ್ಟು ತೋರಿಸಬೇಕೋ ಅಷ್ಟೇ. ಸೆಲ್ ಚೆನ್ನಾಗಿದೆ, ಮೈಕ್ ಮಾತ್ರ ನಿಲ್ಲುತ್ತಿಲ್ಲ. ಅಂದರೆ ಮೈಕೇ ಹೋಯಿತು ಎಂದು ಪಕ್ಕದಲ್ಲಿದ್ದ ಸಹೋದ್ಯೋಗಿಗಳು ತೀರ್ಮಾನಿಸಿದರು.

ನಮ್ಮ ಶಾಲೆಯ ಕೇರ್‌ಟೇಕರ್ ಅಣ್ಣ ಆಗ ವೇದಿಕೆಗೆ ಜಮಖಾನ ಹಾಸುತ್ತಿದ್ದರು. ಬೀಗ, ನೀರಿನ ಟ್ಯಾಂಕು, ಫ್ಯಾನು, ಗೇಟು, ಮೋಟರು ಎಲ್ಲ ಅವರ ಕೈಯಲ್ಲೇ. ಶಾಲೆಗೆ ಬರುವ ಮೊದಲು ಬಹಳ ವರ್ಷ ಒಂದು ಶಾಮಿಯಾನ ಅಂಗಡಿಯಲ್ಲಿ ಮೈಕ್‌ಸೆಟ್ ಕೆಲಸ ಮಾಡಿದವರು. ಗಲ್ಲಿ ಗಣೇಶ, ರಾಜ್ಯೋತ್ಸವದ ಆರ್ಕೆಸ್ಟ್ರಾ, ಮದುವೆ ಮನೆ, ಎಲ್ಲ ಕಡೆ ವೈರ್ ಎಳೆದವರು. ಜಮಖಾನ ಬಿಟ್ಟು ಬಂದರು. ಮೈಕ್ ಕಡೆಗೆ ಕೈ ಚಾಚಲೇ ಇಲ್ಲ.

"ಮೇಡಂ, ಮೊದ್ಲು ಒಂದು ಹುಡುಗನ್ನ ಕಳ್ಸಿ, ವೈರ್ ಮೈಕು ತಂದು ಆಂಪ್ಲಿಫೈಯರ್‌ಗೆ ಚುಚ್ಚಿ ಇಡ್ಲಿ. ಪ್ರಾರ್ಥನೆ, ನಾಡಗೀತೆ ಅದ್ರಲ್ಲೇ ಆಗ್ಲಿ. ನಾಟಕ ಕೊನೆಗೆ ತಾನೆ?"

ಈ ಒಂದು ಮಾತಿಗೇ ನಮ್ಮ ಗಡಿಬಿಡಿ ಅರ್ಧ ಇಳಿಯಿತು. ವೈರ್ ಮೈಕ್ ಡೈನಾಮಿಕ್ ಜಾತಿಯದು. ಅದರೊಳಗೆ ಅಯಸ್ಕಾಂತದ ನಡುವೆ ಒಂದು ಸಣ್ಣ ಸುರುಳಿ ಅಲುಗಾಡಿ ತಾನೇ ವಿದ್ಯುತ್ ಹುಟ್ಟಿಸುತ್ತದೆ. ಸೆಲ್ಲೇ ಬೇಡ. ಅದನ್ನು ಮೊದಲು ಸಿದ್ಧ ಮಾಡಿ ಇಟ್ಟುಕೊಂಡರೆ ಅಸೆಂಬ್ಲಿ ನಿಲ್ಲುವುದಿಲ್ಲ. ಆಮೇಲೆ ಕೆಟ್ಟದ್ದನ್ನು ಸಮಾಧಾನವಾಗಿ ನೋಡಬಹುದು. ಸಾವಿರ ಜನ ಕಾಯುತ್ತಿರುವ ಕಡೆ ಮೈಕ್‌ಸೆಟ್ ನಡೆಸಿದವರಿಗೆ ಈ ಕ್ರಮ ಕೈಗೆ ಬಂದುಬಿಟ್ಟಿರುತ್ತದೆ.

ಆಮೇಲೆ ಅವರು ನೋಡಿದ್ದು ಮೈಕನ್ನಲ್ಲ, ರಿಸೀವರನ್ನು. ಆಂಪ್ಲಿಫೈಯರ್ ಮೇಲೆ ಕೂತಿರುವ, ಎರಡು ಕೊಂಬಿನ ಕಪ್ಪು ಡಬ್ಬ ಅದು.

"ಮೈಕ್ ಆನ್ ಮಾಡಿ ಮೇಡಂ. ನಾನು ಡಬ್ಬ ನೋಡ್ತೀನಿ."

ಕಾರ್ಡ್‌ಲೆಸ್ ಮೈಕ್ ಇರುವ ಎಲ್ಲ ಶಾಲೆಗಳಿಗೂ ಇದು ಗೊತ್ತಿರಬೇಕು ಅನ್ನಿಸುತ್ತದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಾಮಾನ್ಯ ರಿಸೀವರ್ ಮುಂಭಾಗದಲ್ಲಿ ಒಂದೊಂದು ಮೈಕಿಗೂ ಎರಡು ಸೂಚನೆ ಇರುತ್ತವೆ. ಒಂದು ಆರ್‌ಎಫ್, ಇನ್ನೊಂದು ಎಎಫ್. ಆರ್‌ಎಫ್ ಎಂದರೆ ರೇಡಿಯೋ ತರಂಗ. ಮೈಕಿನಿಂದ ತರಂಗ ಬಂದು ಡಬ್ಬಕ್ಕೆ ತಲುಪಿದರೆ ಆ ದೀಪ ಹೊತ್ತುತ್ತದೆ. ನೀವು ಮಾತಾಡದಿದ್ದರೂ ಸರಿ, ಮೈಕ್ ಬರೀ ಆನ್ ಆಗಿದ್ದರೆ ಸಾಕು. ಎಎಫ್ ಎಂದರೆ ಆ ತರಂಗದ ಮೇಲೆ ಕೂತು ಬಂದ ಧ್ವನಿ. ಅದು ಮಾತಾಡಿದಾಗ ಮಾತ್ರ ಮಿನುಗುತ್ತದೆ.

ಈ ಎರಡನ್ನು ನೋಡಿದರೆ ತೊಂದರೆ ಎಲ್ಲಿದೆ ಎಂದು ಹತ್ತು ಸೆಕೆಂಡಿನಲ್ಲಿ ಗೊತ್ತಾಗುತ್ತದೆ. ಎರಡೂ ಹೊತ್ತುತ್ತಿದ್ದು ಸ್ಪೀಕರಿನಲ್ಲಿ ಸದ್ದಿಲ್ಲದಿದ್ದರೆ ಮೈಕಿನ ತಪ್ಪಿಲ್ಲ. ರಿಸೀವರಿನಿಂದ ಆಂಪ್ಲಿಫೈಯರಿಗೆ ಹೋಗುವ ವೈರು, ಇಲ್ಲವೇ ಆಂಪ್ಲಿಫೈಯರಿನ ಆ ಚಾನೆಲ್ಲಿನ ವಾಲ್ಯೂಮ್ ನೋಡಬೇಕು. ಆರ್‌ಎಫ್ ಹೊತ್ತಿ, ಮಾತಾಡಿದರೂ ಎಎಫ್ ಮಿನುಗದಿದ್ದರೆ ಮೈಕ್ ಬದುಕಿದೆ, ಧ್ವನಿ ಒಳಗೆ ಹೋಗುತ್ತಿಲ್ಲ. ಮ್ಯೂಟ್ ಒತ್ತಿರಬಹುದು, ಇಲ್ಲವೇ ಜಾಲರಿಯ ಕೆಳಗೆ ಧ್ವನಿ ಹಿಡಿಯುವ ಭಾಗ, ಅಂದರೆ ಕ್ಯಾಪ್ಸೂಲ್, ಹೋಗಿರಬಹುದು. ಆರ್‌ಎಫ್ ಹೊತ್ತದೇ ಇದ್ದರೆ ತರಂಗವೇ ಹೊರಡುತ್ತಿಲ್ಲ, ಇಲ್ಲವೇ ಮೈಕು ಮತ್ತು ಡಬ್ಬ ಬೇರೆ ಬೇರೆ ಚಾನೆಲ್ಲಿನಲ್ಲಿವೆ.

ನಾನು ಒತ್ತಿದಾಗ ಆರ್‌ಎಫ್ ದೀಪ ಮೈಕಿನ ದೀಪದ ಜೊತೆಗೇ ಒಂದು ಕ್ಷಣ ಹೊತ್ತಿ, ಅದರ ಜೊತೆಗೇ ಆರಿತು.

"ಸೇರ್ತಾ ಇದೆ ಮೇಡಂ. ಚಾನಲ್ ಸರಿ ಇದೆ, ಸರ್ಕ್ಯೂಟೂ ಸರಿ ಇದೆ. ಕರೆಂಟ್ ಸಾಕಾಗ್ತಿಲ್ಲ ಅಷ್ಟೇ."

ಸೆಲ್ ಹೊಸದು, ಮೀಟರಿನಲ್ಲೂ ನೋಡಿದೆ ಎಂದೆ.

"ಸೆಲ್ ಬಗ್ಗೆ ಅಲ್ಲ ನಾನು ಹೇಳಿದ್ದು. ಸೆಲ್ಲಿಂದ ಒಳಗೆ ಹೋಗೋ ದಾರಿ."

ಮೈಕನ್ನು ಬಿಚ್ಚಿ, ಸೆಲ್ ತೆಗೆದು, ಮೊಬೈಲ್ ಟಾರ್ಚ್ ಹಿಡಿದು ಒಳಗೆ ಬೆಳಕು ಬಿಟ್ಟರು. ಮೈನಸ್ ಕಡೆಯ ಸ್ಪ್ರಿಂಗಿನ ಬುಡದಲ್ಲಿ ಬಿಳಿ ಪುಡಿ ಕಟ್ಟಿತ್ತು. ಸಕ್ಕರೆ ಪಾಕ ಒಣಗಿ ಹರಳಾಗಿರುವುದಿಲ್ಲವೇ, ನೋಡಲು ಆ ಥರ. ಒಂದೆರಡು ಕಡೆ ನೀಲಿ ಹಸಿರು ಬಣ್ಣ. ಮೇಲಿನಿಂದ ಇಣುಕಿದರೆ ಸ್ಪ್ರಿಂಗಿನ ತುದಿ ಮಾತ್ರ ಕಾಣುತ್ತದೆ, ಅದು ಹೊಳೆಯುತ್ತಲೇ ಇತ್ತು. ಬುಡ ಕಾಣಬೇಕಾದರೆ ಮೈಕನ್ನು ಓರೆ ಮಾಡಿ ಬೆಳಕು ಬಿಡಬೇಕು.

ನಾನು ತೆಗೆದುಹಾಕಿದ್ದ ಹಳೆಯ ಸೆಲ್ಲುಗಳನ್ನು ಎತ್ತಿ ನೋಡಿದರು. ಒಂದರ ಚಪ್ಪಟೆ ತುದಿಯ ಸುತ್ತ ಅದೇ ಬಿಳಿ ಅಂಚು. ಅದರ ಮೇಲೆ ಬರೆದಿದ್ದನ್ನು ನನ್ನಿಂದ ಓದಿಸಿದರು. "ಆಲ್ಕಲೈನ್ ಅಂತ ಇದೆಯಾ ನೋಡಿ ಮೇಡಂ." ಇತ್ತು. ಪಕ್ಕದಲ್ಲಿ ಎಲ್‌ಆರ್6 ಎಂದೂ ಇತ್ತು. "ಹಾಗಾದ್ರೆ ನಿಂಬೆಹಣ್ಣು," ಎಂದರು.

ಕ್ಯಾಂಟೀನಿನಲ್ಲಿ ಅವತ್ತು ಚಿತ್ರಾನ್ನ. ಅರ್ಧ ನಿಂಬೆಹಣ್ಣು ಒಂದು ನಿಮಿಷದಲ್ಲಿ ಬಂತು. ಫಸ್ಟ್ ಏಡ್ ಪೆಟ್ಟಿಗೆಯಿಂದ ಹತ್ತಿ, ಸ್ಪಿರಿಟ್, ಒಂದು ಜೊತೆ ಗ್ಲೌಸ್ ತೆಗೆದುಕೊಂಡರು. ಸುತ್ತ ನಿಂತಿದ್ದ ಮಕ್ಕಳನ್ನು ಎರಡು ಹೆಜ್ಜೆ ಹಿಂದಕ್ಕೆ ಕಳಿಸಿದರು. ಅದು ಬರೀ ಶಿಸ್ತಿಗಲ್ಲ. ಆ ಬಿಳಿ ಪುಡಿಯಲ್ಲಿ ಉಳಿದಿರಬಹುದಾದ ಕ್ಷಾರ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಬಹಳ ಕೆಟ್ಟದ್ದು. ಊದಿ ಹಾರಿಸುವ ಕೆಲಸ ಯಾವತ್ತೂ ಮಾಡಬಾರದು.

ಮೈಕನ್ನು ಬಾಯಿ ಕೆಳಗೆ ಮಾಡಿ ಮೆಲ್ಲಗೆ ತಟ್ಟಿ ಸಡಿಲ ಪುಡಿಯನ್ನು ಕಾಗದದ ಮೇಲೆ ಉದುರಿಸಿದರು. ಪೊರಕೆ ಕಡ್ಡಿಯ ತುದಿಗೆ ಹತ್ತಿ ಸುತ್ತಿ, ನಿಂಬೆರಸದಲ್ಲಿ ಅದ್ದಿ, ಹಿಂಡಿ, ಸ್ಪ್ರಿಂಗಿನ ಬುಡಕ್ಕೆ ಒತ್ತಿದರು. ರಸ ತೊಟ್ಟಿಕ್ಕಬಾರದು, ಹತ್ತಿ ಬರೀ ಒದ್ದೆಯಾಗಿರಬೇಕು. ಒಳಗೆ ಹರಿದರೆ ಸರ್ಕ್ಯೂಟ್ ಬೋರ್ಡಿಗೆ ಹೋಗುತ್ತದೆ. ಹತ್ತಿ ಮುಟ್ಟಿದ ಕಡೆ ಸಣ್ಣ ಸಣ್ಣ ಗುಳ್ಳೆ ಎದ್ದವು. ಎರಡು ಮೂರು ಸಲ ಹತ್ತಿ ಬದಲಾಯಿಸಿದ ಮೇಲೆ ಗುಳ್ಳೆ ನಿಂತಿತು. ಆಮೇಲೆ ನೀರಿನ ಹತ್ತಿಯಲ್ಲಿ ಒರೆಸಿದರು. ನಿಂಬೆರಸ ಉಳಿದರೆ ಅದೂ ಲೋಹ ತಿನ್ನುತ್ತದೆ. ಕೊನೆಗೆ ಸ್ಪಿರಿಟ್ ಹತ್ತಿ, ನೀರು ಬೇಗ ಆರಲಿ ಎಂದು.

ಒಣಗುವ ಹೊತ್ತಿಗೆ ಒಬ್ಬ ಹುಡುಗನ ಜಾಮಿಟ್ರಿ ಬಾಕ್ಸಿನಿಂದ ಎರಡು ಬಣ್ಣದ ರಬ್ಬರ್ ಕೇಳಿದರು. ಪೆನ್ಸಿಲ್ ಅಳಿಸುವ ಮೆತ್ತನೆ ಕಡೆ ಅಲ್ಲ, ಇಂಕ್ ಅಳಿಸುವ ಒರಟು ಕಡೆ. ಅದನ್ನು ಚೂಪಾಗಿ ಕತ್ತರಿಸಿ ಸ್ಪ್ರಿಂಗಿಗೂ ಎದುರಿನ ಪ್ಲಸ್ ತಗಡಿಗೂ ಉಜ್ಜಿದರು. ಉಪ್ಪುಕಾಗದ ಯಾಕೆ ಬೇಡ ಎಂದು ಕೇಳಿದೆ.

"ಮೇಲೆ ನಿಕ್ಕಲ್ ಲೇಪ ಇರುತ್ತೆ ಮೇಡಂ. ಉಪ್ಪುಕಾಗದ ಹಾಕಿದ್ರೆ ಅದೂ ಹೋಗುತ್ತೆ. ಒಳಗಿರೋದು ಕಬ್ಬಿಣ, ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತೆ."

ಬಾಲ್‌ಪೆನ್ ತುದಿಯಿಂದ ಸ್ಪ್ರಿಂಗನ್ನು ಒಂದೆರಡು ಮಿಲಿಮೀಟರ್ ಮೇಲೆ ಎಳೆದರು. ಎರಡು ತಿಂಗಳು ಒತ್ತಿಕೊಂಡೇ ಇದ್ದದ್ದು ಸ್ವಲ್ಪ ಕುಗ್ಗಿತ್ತು. ಹೊಸ ಸೆಲ್ ಹಾಕಿ, ಮುಚ್ಚಿ, ಆನ್ ಮಾಡಿದರು. ಹಸಿರು ದೀಪ ಹೊತ್ತಿತು, ಹೊತ್ತಿಕೊಂಡೇ ಇತ್ತು. ಡಬ್ಬದಲ್ಲಿ ಆರ್‌ಎಫ್ ನಿಂತಿತು. "ಹಲೋ" ಎಂದಾಗ ಎಎಫ್ ಮಿನುಗಿತು. ಅಷ್ಟೇ. ನಾಡಗೀತೆ ವೈರ್ ಮೈಕಿನಲ್ಲೇ ಶುರುವಾಯಿತು, ನಾಟಕ ಕಾರ್ಡ್‌ಲೆಸ್‌ನಲ್ಲಿ ನಡೆಯಿತು. ಹಿಂದಿನ ಸಾಲಿನ ಹತ್ತನೇ ಕ್ಲಾಸಿನವರು ನಕ್ಕ ಕಡೆಯೆಲ್ಲ ನಗಬೇಕಾದ ಕಡೆಯೇ ಆಗಿತ್ತು. ಅಂದರೆ ಮಾತು ಅಲ್ಲಿವರೆಗೂ ಕೇಳಿದೆ.

ನನ್ನ ತಲೆಯಲ್ಲಿ ಉಳಿದಿದ್ದು ಮೀಟರಿನ ಪ್ರಶ್ನೆ. ಸೆಲ್ಲಿನಲ್ಲಿ ಪೂರ್ತಿ ವೋಲ್ಟೇಜ್ ಇದೆ, ಆದರೂ ಮೈಕ್ ನಿಲ್ಲುವುದಿಲ್ಲ. ಹತ್ತನೇ ಕ್ಲಾಸಿಗೆ ವಿದ್ಯುತ್ ಪಾಠ ಮಾಡುವವಳು ನಾನು. ಇದನ್ನು ಅಳೆದು ನೋಡದೇ ಬಿಡಲು ಮನಸ್ಸಾಗಲಿಲ್ಲ. ಅದೇ ಬೀರುವಿನಲ್ಲಿ ಇದರ ಜೋಡಿ ಮೈಕ್ ಇನ್ನೊಂದಿತ್ತು. ಅದರ ಸ್ಪ್ರಿಂಗಿನ ಬುಡದಲ್ಲಿ ಇನ್ನೂ ಜಾಸ್ತಿ ಬಿಳಿ ಕಟ್ಟಿತ್ತು. ಅದನ್ನು ತೊಳೆಯುವ ಮೊದಲು ಲ್ಯಾಬಿಗೆ ಒಯ್ದೆ.

ಹತ್ತು ಓಮಿನ ಮೂರು ರೆಸಿಸ್ಟರ್‌ಗಳನ್ನು ಸಾಲಾಗಿ ಜೋಡಿಸಿದರೆ 30 ಓಮ್. ಎರಡು ಹೊಸ ಸೆಲ್‌ಗಳನ್ನು ನೇರವಾಗಿ ಇದಕ್ಕೆ ಕೊಟ್ಟಾಗ ರೆಸಿಸ್ಟರ್ ಮೇಲೆ ಸುಮಾರು 3 ವೋಲ್ಟ್ ಬಂತು. ಅಂದರೆ 0.1 ಆಂಪಿಯರ್ ಹರಿಯುತ್ತಿದೆ. ಇಂಥ ಮೈಕೊಂದು ಎಳೆಯುವ ಕರೆಂಟ್ ಕೂಡ ಹೆಚ್ಚು ಕಡಿಮೆ ಆ ಆಸುಪಾಸಿನದೇ. ಈಗ ಅದೇ ಸೆಲ್‌ಗಳನ್ನು ಮೈಕಿನೊಳಗೆ ಕೂರಿಸಿ, ಬಿಳಿ ಹಿಡಿದ ಸ್ಪ್ರಿಂಗಿನ ಆಚೆಯ ಕಡೆಯಿಂದ ವೈರ್ ತೆಗೆದುಕೊಂಡೆ. ರೆಸಿಸ್ಟರ್ ಜೋಡಿಸದೆ ಬರೀ ಮೀಟರ್ ಹಿಡಿದಾಗ 3.2 ವೋಲ್ಟ್. ಏನೂ ಕೆಟ್ಟಿಲ್ಲ ಎನ್ನುವ ಹಾಗೆ. ರೆಸಿಸ್ಟರ್ ಜೋಡಿಸಿದ ಕೂಡಲೇ ಅದು 2 ವೋಲ್ಟಿಗೆ ಬಿತ್ತು.

ಲೆಕ್ಕ ಮಾಡೋಣ. 30 ಓಮ್ ಮೇಲೆ 2 ವೋಲ್ಟ್ ಇದ್ದರೆ ಹರಿಯುವ ಕರೆಂಟ್ ಸುಮಾರು 0.067 ಆಂಪಿಯರ್. ಸೆಲ್ ಕೊಡುತ್ತಿರುವುದು 3 ವೋಲ್ಟ್ ಎಂದಿಟ್ಟುಕೊಳ್ಳಿ. ನಡುವೆ 1 ವೋಲ್ಟ್ ಎಲ್ಲೋ ಹೋಯಿತು. 1 ಅನ್ನು 0.067ರಿಂದ ಭಾಗಿಸಿದರೆ 15. ಆ ಬಿಳಿ ಪುಡಿ, ಸವೆದ ಲೋಹ, ಕುಗ್ಗಿದ ಸ್ಪ್ರಿಂಗ್ ಎಲ್ಲ ಸೇರಿ 15 ಓಮಿನ ಒಂದು ರೆಸಿಸ್ಟರ್ ಆಗಿ ನಡುವೆ ಕೂತಿತ್ತು. ಮೀಟರ್ ತಾನು ಕರೆಂಟನ್ನು ಎಳೆಯುವುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಕರೆಂಟೇ ಹರಿಯದಿದ್ದರೆ ಆ 15 ಓಮ್ ಏನನ್ನೂ ನುಂಗುವುದಿಲ್ಲ. ಹಾಗಾಗಿ ಮೀಟರಿಗೆ ಅದು ಕಾಣುವುದೇ ಇಲ್ಲ.

ದೀಪ ಒಂದು ಕ್ಷಣ ಹೊತ್ತಿ ಆರುವುದಕ್ಕೂ ಕಾರಣ ಇಲ್ಲೇ ಇದೆ. ಇಂಥ ಎರಡು ಸೆಲ್ಲಿನ ಮೈಕುಗಳಲ್ಲಿ ಸಾಮಾನ್ಯವಾಗಿ ಸೆಲ್ಲಿನ ವೋಲ್ಟೇಜನ್ನು ಎತ್ತಿ ಒಳಗಿನ ಸರ್ಕ್ಯೂಟಿಗೆ ಒಂದೇ ಸಮನಾಗಿ ಕೊಡುವ ಸಣ್ಣ ಭಾಗವೊಂದಿರುತ್ತದೆ. ಒಳಗೆ ಬರುವ ವೋಲ್ಟೇಜ್ ಇಳಿದರೆ, ಹೊರಗೆ ಅಷ್ಟೇ ಶಕ್ತಿ ಕೊಡಲು ಅದು ಇನ್ನೂ ಜಾಸ್ತಿ ಕರೆಂಟ್ ಎಳೆಯುತ್ತದೆ. ಜಾಸ್ತಿ ಎಳೆದರೆ ಪುಡಿ ಕಟ್ಟಿದ ಜಾಗದಲ್ಲಿ ಜಾಸ್ತಿ ನಷ್ಟ. ನಷ್ಟ ಜಾಸ್ತಿಯಾದರೆ ವೋಲ್ಟೇಜ್ ಇನ್ನೂ ಇಳಿಯುತ್ತದೆ. ಹೀಗೆ ಒಂದು ಕ್ಷಣದಲ್ಲಿ ಕುಸಿದು ಮೈಕ್ ತಾನೇ ಆಫ್ ಆಗುತ್ತದೆ. ಆಫ್ ಆದ ತಕ್ಷಣ ಕರೆಂಟ್ ನಿಲ್ಲುತ್ತದೆ, ವೋಲ್ಟೇಜ್ ಮತ್ತೆ ಪೂರ್ತಿ ಮೇಲೇರುತ್ತದೆ. ಮತ್ತೆ ಒತ್ತಿದರೆ ಮತ್ತೆ ಅದೇ. ಹಾಗಾಗಿ ಹೊಸ ಸೆಲ್ ಹಾಕಿದ ಮೇಲೂ ಪ್ರತಿ ಸಲ ಹೊತ್ತಿ ಆರಿದರೆ, ಸೆಲ್ಲನ್ನು ಬಿಟ್ಟು ಸ್ಪ್ರಿಂಗ್ ನೋಡಿ. ಒಮ್ಮೆಯೂ ಹೊತ್ತದೇ ಇದ್ದರೆ ಅದು ಬೇರೆ ಕಥೆ. ಸೆಲ್ ತಿರುಗಾಮುರುಗಾ ಆಗಿರಬಹುದು, ಇಲ್ಲವೇ ವೈರೇ ತುಂಡಾಗಿರಬಹುದು.

ಈ ಪುಡಿ ಬಂದಿದ್ದು ಎಲ್ಲಿಂದ? ಆಲ್ಕಲೈನ್ ಸೆಲ್ಲಿನೊಳಗೆ ಸತುವಿನ ಪುಡಿ, ಮ್ಯಾಂಗನೀಸ್ ಡೈಆಕ್ಸೈಡ್, ಮತ್ತೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಗಟ್ಟಿ ಕ್ಷಾರದ ದ್ರಾವಣ ಇರುತ್ತದೆ. ಸೆಲ್ ಖಾಲಿಯಾಗುತ್ತಾ ಬಂದ ಹಾಗೆ, ಸುಮ್ನೆ ಇಟ್ಟರೂ, ಒಳಗೆ ಹೈಡ್ರೋಜನ್ ಅನಿಲ ನಿಧಾನವಾಗಿ ಹುಟ್ಟುತ್ತದೆ. ಸೆಕೆ ಜಾಸ್ತಿ ಇದ್ದರೆ ಇನ್ನೂ ಬೇಗ. ಒತ್ತಡ ಮಿತಿ ಮೀರಿದಾಗ ಮೈನಸ್ ತುದಿಯಲ್ಲಿರುವ ಪ್ಲಾಸ್ಟಿಕ್ ಸೀಲ್ ಬಿಟ್ಟುಕೊಡುತ್ತದೆ. ಡಬ್ಬಿ ಸಿಡಿಯದಿರಲಿ ಎಂದೇ ಅದನ್ನು ಹಾಗೆ ಮಾಡಿರುತ್ತಾರೆ. ಅನಿಲದ ಜೊತೆ ಕ್ಷಾರವೂ ಒಸರುತ್ತದೆ. ಹೊರಗೆ ಬಂದ ಕ್ಷಾರ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಪೊಟ್ಯಾಸಿಯಂ ಕಾರ್ಬೊನೇಟ್ ಆಗುತ್ತದೆ. ಬಿಳಿ ಹರಳು ಅದೇ. ನಿಂಬೆಯ ಹುಳಿ ಬಿದ್ದಾಗ ಎದ್ದ ಗುಳ್ಳೆ, ಆ ಕಾರ್ಬೊನೇಟ್ ಬಿಟ್ಟುಕೊಟ್ಟ ಇಂಗಾಲದ ಡೈಆಕ್ಸೈಡ್. ಗುಳ್ಳೆ ನಿಂತಿತು ಎಂದರೆ ಪುಡಿ ಮುಗಿಯಿತು ಎಂದು ಅಣ್ಣ ಓದಿಕೊಂಡಿದ್ದು ಸರಿಯಾಗಿಯೇ ಇತ್ತು.

ಹಾಗಂತ ಎಲ್ಲ ಸೆಲ್ಲಿಗೂ ನಿಂಬೆಹಣ್ಣು ಅಲ್ಲ. ಅವರು ಮೊದಲು ಲೇಬಲ್ ಓದಿಸಿದ್ದು ಅದಕ್ಕೇ. ಗಡಿಯಾರಕ್ಕೆ, ಟಿವಿ ರಿಮೋಟಿಗೆ ನಾವು ಹಾಕುವ ಅಗ್ಗದ ಸೆಲ್‌ಗಳು ಹೆಚ್ಚಾಗಿ ಜಿಂಕ್ ಕಾರ್ಬನ್ ಜಾತಿಯವು. ಅವುಗಳ ಮೇಲೆ ಹೆವಿ ಡ್ಯೂಟಿ ಎಂದೋ ಬರೀ ಆರ್6 ಎಂದೋ ಇರುತ್ತದೆ, ಮುಂದೆ ಎಲ್ ಇರುವುದಿಲ್ಲ. ಅವುಗಳಿಂದ ಒಸರುವುದು ಹುಳಿ ಗುಣದ ಕ್ಲೋರೈಡ್ ದ್ರಾವಣ. ಅದಕ್ಕೆ ನಿಂಬೆ ಹಾಕಿದರೆ ಹುಳಿಗೆ ಹುಳಿ ಸೇರಿಸಿದಂತೆ. ಅಲ್ಲಿ ಚಿಟಿಕೆ ಅಡುಗೆ ಸೋಡಾ ನೀರಿನಲ್ಲಿ ಕಲಸಿ ಒರೆಸಬೇಕು. ಈ ವ್ಯತ್ಯಾಸ ಅವರಿಗೆ ಹೇಗೆ ಗೊತ್ತು ಎಂದು ಊಟದ ಬಿಡುವಿನಲ್ಲಿ ಕೇಳಿದೆ.

"ನಮ್ಮ ಓನರ್ ಹೇಳ್ಕೊಟ್ಟಿದ್ದು ಮೇಡಂ. ಶಾಮಿಯಾನ ಅಂಗಡೀಲಿ ಆಷಾಢ ಅಂದ್ರೆ ಮದುವೆ ಇಲ್ಲ, ಕೆಲಸ ಇಲ್ಲ. ಮೈಕೆಲ್ಲ ಪೆಟ್ಟಿಗೇಲಿ. ಶ್ರಾವಣಕ್ಕೆ ತೆಗೆದ್ರೆ ಅರ್ಧ ಹೀಗೇ ಆಗಿರೋವು. ಆಮೇಲಿಂದ ಆಷಾಢ ಬರೋ ಮುಂಚೆ ಎಲ್ಲ ಸೆಲ್ ಬಿಚ್ಚಿ ಎತ್ತಿಡೋದು ರೂಢಿ ಆಯ್ತು."

ಅಂಗಡಿಗೆ ಆಷಾಢ ಹೇಗೋ ಶಾಲೆಗೆ ಬೇಸಿಗೆ ರಜ ಹಾಗೆ. ಏಪ್ರಿಲ್, ಮೇ ಎರಡೂ ತಿಂಗಳು, ವರ್ಷದ ಅತಿ ಸೆಕೆಯ ಹೊತ್ತಿನಲ್ಲಿ, ಕಬ್ಬಿಣದ ಬೀರುವಿನೊಳಗೆ, ವಾರ್ಷಿಕೋತ್ಸವ ಮುಗಿಸಿ ಮುಕ್ಕಾಲು ಖಾಲಿಯಾದ ಸೆಲ್. ಒಸರಲು ಇದಕ್ಕಿಂತ ಅನುಕೂಲ ಬೇರೆ ಬೇಡ. ಇನ್ನೊಂದು ವಿಷಯವನ್ನೂ ಅವರು ಒತ್ತಿ ಹೇಳಿದರು. ಒಂದು ಹಳೆಯದು, ಒಂದು ಹೊಸದು ಹಾಕಲೇಬಾರದು. ಜೋಡಿ ಸಾಲಾಗಿರುವುದರಿಂದ ಎರಡರಲ್ಲೂ ಒಂದೇ ಕರೆಂಟ್ ಹರಿಯಬೇಕು. ಹಳೆಯದು ಪೂರ್ತಿ ಖಾಲಿಯಾದರೂ ಹೊಸದು ಅದರ ಮೂಲಕ ದೂಡುತ್ತಲೇ ಇರುತ್ತದೆ. ಖಾಲಿ ಸೆಲ್ ಉಲ್ಟಾ ಹೋಗಿ ಅನಿಲ ಬೇಗ ತುಂಬುತ್ತದೆ. ನಮ್ಮ ಮೈಕಿನಿಂದ ಬಂದ ಹಳೆಯ ಜೋಡಿಯಲ್ಲಿ ಒಂದು ಮಾತ್ರ ಒಸರಿತ್ತು. ಮೀಟರ್ ಹಿಡಿದಾಗ ಒಸರದೇ ಉಳಿದದ್ದರಲ್ಲಿ ಇನ್ನೂ 1.3 ವೋಲ್ಟ್ ಇತ್ತು, ಒಸರಿದ್ದರಲ್ಲಿ ಹೆಚ್ಚು ಕಡಿಮೆ ಏನೂ ಇರಲಿಲ್ಲ. ಅವರ ಮಾತಿಗೆ ತಾಳೆಯಾಗುವಂತೆಯೇ ಇತ್ತು.

ಹತ್ತನೇ ಕ್ಲಾಸಿನಲ್ಲಿ ಓಮನ ನಿಯಮ ಬಂದಾಗ ಈ 15 ಓಮನ್ನೇ ಮಕ್ಕಳ ಕೈಯಲ್ಲಿ ಅಳೆಸಿದೆ. ಪುಸ್ತಕದ ಲೆಕ್ಕದಲ್ಲಿ ರೆಸಿಸ್ಟರ್ ಯಾವಾಗಲೂ ಅಂಕುಡೊಂಕು ಗೆರೆಯಾಗಿ ಎದುರಿಗೇ ಇರುತ್ತದೆ. ಕಾಣದ ಕಡೆ ಕೂತಿರುವ ರೆಸಿಸ್ಟರನ್ನು ವೋಲ್ಟೇಜ್ ಇಳಿದ ಲೆಕ್ಕದಿಂದ ಹುಡುಕಿದಾಗ ಅವರ ಮುಖ ನೋಡಬೇಕಿತ್ತು. ಒಬ್ಬ ಹುಡುಗಿ, "ಮಿಸ್, ನಮ್ಮನೆ ಬೋರ್‌ವೆಲ್ ನೀರಿನ ಪೈಪ್ ಥರ," ಎಂದಳು. ಉಪ್ಪು ಕಟ್ಟಿಕೊಂಡ ಪೈಪಿನಲ್ಲಿ ನಲ್ಲಿ ಮುಚ್ಚಿರುವವರೆಗೂ ಟ್ಯಾಂಕಿನ ಒತ್ತಡ ಪೂರ್ತಿ ಇರುತ್ತದೆ, ತಿರುಗಿಸಿದ ಮೇಲೆ ಬರುವುದು ಬೆರಳಷ್ಟು ನೀರು. ನಾನು ಅದಕ್ಕೆ ಏನೂ ಸೇರಿಸಬೇಕಾಗಲಿಲ್ಲ. ಪಾಠಕ್ಕೆ ಕೇರ್‌ಟೇಕರ್ ಅಣ್ಣನನ್ನೂ ಕರೆದಿದ್ದೆ. ಸ್ಪ್ರಿಂಗ್ ತೊಳೆಯುವುದನ್ನು ಅವರೇ ಮಾಡಿ ತೋರಿಸಿದರು. ಅವರು ಹೇಳುವಾಗ ಮಕ್ಕಳು ನನ್ನ ಪಾಠಕ್ಕಿಂತ ಗಮನ ಕೊಟ್ಟು ಕೇಳಿದರು. ಅದು ನನಗೆ ನಿಜವಾಗಿ ಖುಷಿ ಕೊಟ್ಟಿತು. ಶಾಲೆಯೊಳಗೇ ಇಷ್ಟು ತಿಳಿದವರು ಇರುವಾಗ ಅವರನ್ನು ಬರೀ ಬೀಗ ತೆಗೆಯಲು ಕರೆಯುವುದು ನ್ಯಾಯವಲ್ಲ.

ಈ ಉಪಾಯಕ್ಕೂ ಒಂದು ಮಿತಿ ಇದೆ. ಅದನ್ನು ಎರಡನೇ ಮೈಕ್ ತೋರಿಸಿತು. ಲ್ಯಾಬ್ ಕೆಲಸ ಮುಗಿದ ಮೇಲೆ ಅಣ್ಣ ಅದನ್ನೂ ನಿಂಬೆರಸದಲ್ಲಿ ಒರೆಸಿದರು, ರಬ್ಬರಿನಲ್ಲಿ ಉಜ್ಜಿದರು. ಸ್ಪ್ರಿಂಗ್ ಹೊಳೆಯಿತು. ಆದರೂ ಮೈಕ್ ನಿಲ್ಲಲಿಲ್ಲ. ಬೆಳಕು ಹಿಡಿದು ನೋಡಿದಾಗ ಸ್ಪ್ರಿಂಗಿಗೆ ಬೆಸೆದಿದ್ದ ಕಪ್ಪು ವೈರಿನ ತುದಿಯ ಬೆಸುಗೆ ಬೂದು ಬಣ್ಣಕ್ಕೆ ತಿರುಗಿತ್ತು. ಉಗುರಿನಿಂದ ಮುಟ್ಟಿದರೆ ಉದುರಿತು.

"ಇದು ಒಳಗೆ ಹತ್ತಿದೆ ಮೇಡಂ. ಎಸ್‌ಪಿ ರೋಡಿಗೆ ಕೊಡೋಣ."

ಕ್ಷಾರ ನೀರಿನ ಹಾಗೆ ಬಿದ್ದ ಕಡೆ ನಿಲ್ಲುವುದಿಲ್ಲ. ಮೈನಸ್ ಕಡೆಯ ಲೋಹವನ್ನು ಹಿಡಿದು ತೆವಳುತ್ತದೆ. ವೈರಿನ ಹೊರಗಿನ ಪ್ಲಾಸ್ಟಿಕ್ ನೋಡಲು ಚೆನ್ನಾಗಿಯೇ ಇರುತ್ತದೆ, ಒಳಗಿನ ತಾಮ್ರ ಕಪ್ಪಾಗಿ ಹೋಗಿರುತ್ತದೆ. ಕಪ್ಪಾದ ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ. ಅಲ್ಲಿಗೆ ನಿಂಬೆಹಣ್ಣಿನ ಕೆಲಸ ಮುಗಿದಂತೆ.

ಶನಿವಾರ ಮಧ್ಯಾಹ್ನ ಇಬ್ಬರೂ ಎಸ್‌ಪಿ ರೋಡಿಗೆ ಹೋದೆವು. ಎಲೆಕ್ಟ್ರಾನಿಕ್ಸ್ ಬಿಡಿಭಾಗ ಬೇಕಾದರೆ ಬೆಂಗಳೂರಿನವರು ಹೋಗುವುದು ಅಲ್ಲಿಗೇ. ಅಣ್ಣನಿಗೆ ಗೊತ್ತಿದ್ದ ರಿಪೇರಿಯವರು ಮೈಕನ್ನು ಬಿಚ್ಚಿ, ವೈರಿನ ಪ್ಲಾಸ್ಟಿಕ್ ಸುಲಿದರು. ಕಪ್ಪು. ಒಂದು ಸೆಂಟಿಮೀಟರ್ ಕತ್ತರಿಸಿ ಮತ್ತೆ ಸುಲಿದರು. ಇನ್ನೂ ಕಪ್ಪು. ಹೀಗೇ ಕತ್ತರಿಸುತ್ತಾ ಬೋರ್ಡಿನವರೆಗೂ ಹೋದರು. ವೈರ್ ಬದಲಾಯಿಸುವುದು ಕಷ್ಟವಲ್ಲ, ಆದರೆ ಬೋರ್ಡಿನ ಮೇಲೆ ಅದು ಬೆಸೆದುಕೊಳ್ಳುವ ತಾಮ್ರದ ಚುಕ್ಕೆಯೇ ಎದ್ದು ಬಂದಿತ್ತು. ಪಕ್ಕದ ಎರಡು ಗೆರೆಗಳೂ ಹಸಿರಾಗಿದ್ದವು. ಹೊಸ ವೈರನ್ನು ಬೇರೆ ಜಾಗದಿಂದ ಸುತ್ತಿ ತಂದು ಬೆಸೆದು ನೋಡಿದರು. ಮೈಕ್ ಆನ್ ಆಯಿತು, ಆದರೆ ಸ್ವಲ್ಪ ಅಲುಗಾಡಿಸಿದರೆ ಆಫ್. ಮಕ್ಕಳ ಕೈಗೆ ಕೊಡುವ ಮೈಕ್ ಹೀಗಿದ್ದರೆ ಆಗುವುದಿಲ್ಲ ಎಂದು ಅವರೇ ಹೇಳಿ, ನೋಡಿದ್ದಕ್ಕೆ ದುಡ್ಡೂ ತೆಗೆದುಕೊಳ್ಳಲಿಲ್ಲ.

ಹೊರಡುವಾಗ ಅಣ್ಣ ಅದರ ಜಾಲರಿ ಬಿಚ್ಚಿ ಕ್ಯಾಪ್ಸೂಲ್ ತೆಗೆಸಿಕೊಂಡರು. ಅದೂ ಡೈನಾಮಿಕ್ ಜಾತಿಯದೇ, ಕ್ಷಾರ ಅಲ್ಲಿವರೆಗೆ ಹತ್ತಿರಲಿಲ್ಲ. ನಮ್ಮ ವೈರ್ ಮೈಕಿನ ಕ್ಯಾಪ್ಸೂಲ್ ಒಮ್ಮೆ ವೇದಿಕೆಯಿಂದ ಬಿದ್ದ ಮೇಲೆ ಸ್ವಲ್ಪ ಒಡಕು ದನಿ ಕೊಡುತ್ತಿತ್ತು. ಅಳತೆ ಹೊಂದಿತು, ಎರಡು ವೈರ್ ಬೆಸೆದು ಕೂರಿಸಿದರು. ಆಗಸ್ಟ್ 15ಕ್ಕೆ ಭಾಷಣಗಳೆಲ್ಲ ಅದರಲ್ಲೇ ನಡೆದವು. ಕಾರ್ಡ್‌ಲೆಸ್ ಮೈಕನ್ನು ಈಗ ಸೆಲ್ ಬಿಚ್ಚಿ ಇಡುತ್ತೇವೆ, ಸೆಲ್ ಬೇರೆ ಡಬ್ಬಿಯಲ್ಲಿ, ಜೋಡಿ ಜೋಡಿಯಾಗಿ ರಬ್ಬರ್ ಬ್ಯಾಂಡ್ ಹಾಕಿ. ಆ ಡಬ್ಬಿ ಬೀರುವಿನಲ್ಲಿಲ್ಲ, ಕೇರ್‌ಟೇಕರ್ ಅಣ್ಣನ ಮೇಜಿನ ಮೇಲಿದೆ.